ಗಾಳಿಗೆ ಅಂಗೈ ಮರೆ

ಕಾರ್ತಿಕಕ್ಕೆ ಹೊಸದೊಂದು ದೇವರನಾಮ ಬೇಕು ಎಂದು ನಮ್ಮ ಬೀದಿಯ ಭಜನಾ ಮಂಡಳಿಯ ಹಿರಿಯಾಕೆ ಕೇಳಿದಾಗ ನಾನು ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಆದಿಪ್ರಾಸ, ಅಂತ್ಯಪ್ರಾಸ ಎರಡನ್ನೂ ಒಂದೇ ಹಾಡಿನಲ್ಲಿ ಕೂರಿಸಬೇಕು, ಆದರೆ ಪ್ರಾಸಕ್ಕೆಂದೇ ಕರೆತಂದ ಪದ ಒಂದೂ ಇರಬಾರದು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಪಲ್ಲವಿ ಬೇಗ ಬಂತು.

ದೀಪವ ಹಚ್ಚಿದೆ ಹೊಸಿಲಿನಲಿ
ಗೋಪಾಲನೆ ಬಾ ಬೆಳಕಿನಲಿ

ಆದಿಪ್ರಾಸ ಎಂದು ಹೆಸರಿದ್ದರೂ ಕನ್ನಡದಲ್ಲಿ ಅದು ಕೂಡುವುದು ಎರಡನೆಯ ಅಕ್ಷರದಲ್ಲಿ. ದೀಪ, ಗೋಪಾಲ: ಎರಡರಲ್ಲೂ ಎರಡನೆಯ ವ್ಯಂಜನ ಪಕಾರ. ಅದರ ಮೇಲಿನ ಸ್ವರ ಬೇರೆಯಾದರೂ ಅಡ್ಡಿಯಿಲ್ಲ. ಮೊದಲ ಅಕ್ಷರ ಯಾವುದಾದರೂ ಇರಲಿ, ಅಳತೆ ಮಾತ್ರ ಒಂದೇ ಇರಬೇಕು. ದೀರ್ಘದ ಜೊತೆಗೆ ದೀರ್ಘ, ಹ್ರಸ್ವದ ಜೊತೆಗೆ ಹ್ರಸ್ವ. ನಾಗವರ್ಮ ಛಂದೋಂಬುಧಿಯಲ್ಲಿ ಪ್ರಾಸವನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿನಲ್ಲಿ ವಿಂಗಡಿಸಿದ್ದು ಈ ಅಳತೆಯನ್ನು ಕಾಯಲಿಕ್ಕೇ. ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ. ನನ್ನ ಪಲ್ಲವಿಯದು ಗಜಪ್ರಾಸ.

ಈ ನಿಯಮ ಏಕೆ ಬೇಕು ಎಂಬುದು ತಾಳ ಹಾಕಿದರೆ ತಿಳಿಯುತ್ತದೆ. ಆದಿತಾಳದ ಎಂಟು ಎಣಿಕೆಗೆ ಒಂದು ಸಾಲು, ಎಣಿಕೆಗೆ ಎರಡು ಮಾತ್ರೆ ಎಂದಿಟ್ಟುಕೊಳ್ಳಿ. ಮೊದಲ ಪೆಟ್ಟಿಗೆ ‘ದೀ’, ಕಿರುಬೆರಳಿಗೆ ‘ಪವ’. ಎರಡನೆಯ ಸಾಲಿನಲ್ಲಿ ಮೊದಲ ಪೆಟ್ಟಿಗೆ ‘ಗೋ’, ಕಿರುಬೆರಳಿಗೆ ಸರಿಯಾಗಿ ‘ಪಾ’. ಪಕಾರ ಎರಡೂ ಸಲ ಒಂದೇ ಬೆರಳಿನ ಮೇಲೆ ಬಂದು ಕೂರುತ್ತದೆ. ಅಲ್ಲಿ ‘ಜಪವನು’ ಎಂದು ಶುರುಮಾಡಿದ್ದರೆ ‘ಜಪ’ ಎರಡೂ ಮೊದಲ ಪೆಟ್ಟಿನಲ್ಲೇ ಮುಗಿದು, ಪಕಾರ ಅರ್ಧ ಎಣಿಕೆ ಮೊದಲೇ ಬಂದುಹೋಗುತ್ತಿತ್ತು. ಕಾಗದದ ಮೇಲೆ ಅದೂ ಪಕಾರವೇ. ಹಾಡುವಾಗ ಕಿವಿ ಅದನ್ನು ಹಿಡಿಯುವುದಿಲ್ಲ.

ಇನ್ನು ಸಾಲಿನ ಕೊನೆ. ಹೊಸಿಲಿನಲಿ, ಬೆಳಕಿನಲಿ ಎಂಬ ಪದಗಳ ಕೊನೆಯ ‘ಲಿ’ ಏಳನೆಯ ಎಣಿಕೆಯ ಪೆಟ್ಟಿಗೆ ಬರುತ್ತದೆ, ಎಂಟನೆಯದನ್ನೂ ತುಂಬಿಕೊಂಡು ಎಳೆಯುತ್ತದೆ. ಅಲ್ಲಿಗೆ ಆದಿಪ್ರಾಸ ಎರಡನೆಯ ಎಣಿಕೆಯಲ್ಲಿ, ಅಂತ್ಯಪ್ರಾಸ ಏಳನೆಯದರಲ್ಲಿ. ನಡುವಿನ ನಾಲ್ಕು ಎಣಿಕೆ ಅರ್ಥಕ್ಕೆ ಬಿಟ್ಟದ್ದು. ಆ ನಡುವಿನಲ್ಲಿ ನಾನು ಅನುಪ್ರಾಸಗಳನ್ನು ತುಂಬಲು ಹೋಗುವುದಿಲ್ಲ. ಎರಡು ಕಡೆ ಗಂಟು ಹಾಕಿದ ಹಗ್ಗಕ್ಕೆ ನಡುವೆ ಸ್ವಲ್ಪ ಸಡಿಲ ಇರಬೇಕು, ಇಲ್ಲದಿದ್ದರೆ ರಾಗಕ್ಕೆ ಉಸಿರಾಡಲು ಜಾಗವಿರುವುದಿಲ್ಲ.

ಮೊದಲು ನಾನು ಬರೆದದ್ದು ‘ಬಾಗಿಲಲಿ’ ಎಂದು. ಮಾತ್ರೆ ಅಷ್ಟೇ. ಆದರೆ ಅದರಲ್ಲಿ ಕೂಡುತ್ತಿದ್ದುದು ಸಪ್ತಮಿಯ ‘ಅಲಿ’ ಮಾತ್ರ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಯಾವ ಪದಕ್ಕೆ ಬೇಕಾದರೂ ಹತ್ತುವುದರಿಂದ ಅಂಥ ಪ್ರಾಸ ಕಷ್ಟಪಡದೆ ಸಿಗುತ್ತದೆ, ಕಿವಿಯಲ್ಲಿ ಉಳಿಯದೆ ಹೋಗುತ್ತದೆ. ‘ಹೊಸಿಲಿನಲಿ’ ಮಾಡಿದಾಗ ‘ಇನಲಿ’ ಪೂರ್ತಿಯಾಗಿ ಕೂಡಿತು, ನಾಲ್ಕು ಲಘುಗಳ ನಡಿಗೆಯೂ ‘ಬೆಳಕಿನ’ ಎಂಬುದಕ್ಕೆ ಸರಿಹೊಂದಿತು. ದೀಪ ಇಡುವುದೂ ಹೊಸಿಲಿನಲ್ಲೇ ತಾನೆ.

ಚರಣದಲ್ಲಿ ಎಡವಿದೆ. ಪಲ್ಲವಿಯ ಪಕಾರವನ್ನೇ ಮುಂದುವರಿಸೋಣ ಎಂದುಕೊಂಡು ಬರೆದದ್ದು ಇದು:

ತಾಪವನೆಲ್ಲವ ಕಳೆಯುತ ನಿರುತದಿ
ಪಾಪವನೆಲ್ಲವ ತೊಳೆಯುತ ಸತತದಿ

ಪ್ರಾಸದ ಲೆಕ್ಕದಲ್ಲಿ ಇದಕ್ಕೆ ನೂರಕ್ಕೆ ನೂರು. ಆದಿ ಕೂಡಿದೆ, ಅಂತ್ಯ ಕೂಡಿದೆ, ನಡುವೆ ‘ಕಳೆಯುತ, ತೊಳೆಯುತ’ ಕೂಡ ಕೂಡಿದೆ. ಹಿರಿಯಾಕೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಚೆನ್ನಾಗಿದೆ ಕಣಪ್ಪ. ಆದ್ರೆ ದೀಪ ಎಲ್ಲಿ ಹೋಯ್ತು ಇದರಲ್ಲಿ?” ಎಂದರು.

ಮನೆಗೆ ಬಂದು ಆ ಎರಡು ಸಾಲನ್ನು ಗದ್ಯವಾಗಿ ಹೇಳಿನೋಡಿದೆ. ಬಲವಂತದ ಪದವನ್ನು ಹಿಡಿಯಲು ನನಗೆ ಗೊತ್ತಿರುವ ಪರೀಕ್ಷೆ ಇದೇ. ಮಾತಿನಲ್ಲಿ ಹೇಳುವಾಗ ಯಾವ ಪದ ತಾನಾಗಿ ಬಿಟ್ಟುಹೋಗುತ್ತದೋ ಅದು ಪ್ರಾಸಕ್ಕೋ ಮಾತ್ರೆಗೋ ಬಂದದ್ದು. ‘ನಿರುತದಿ’ ಬಿಟ್ಟುಹೋಯಿತು, ‘ಸತತದಿ’ಯೂ ಬಿಟ್ಟುಹೋಯಿತು. ಎರಡರ ಅರ್ಥವೂ ಒಂದೇ, ಯಾವಾಗಲೂ ಎಂದು. ಇವುಗಳ ಬಳಗದಲ್ಲಿ ಅನುದಿನ, ಮುದದಿ, ಚೆಂದದಿ, ಭರದಿ ಎಂಬವೂ ಇವೆ. ಸಾಲಿನ ಕೊನೆಯಲ್ಲಿ ಇವು ಕಂಡಾಗ ಒಮ್ಮೆ ನಿಂತು ನೋಡುವುದು ಒಳ್ಳೆಯದು. ‘ತಾಪವನೆಲ್ಲವ’ ಎಂಬಲ್ಲಿ ಇನ್ನೊಂದು ಸುಳಿವೂ ಸಿಕ್ಕಿತು. ದ್ವಿತೀಯಾ ವಿಭಕ್ತಿ ಎರಡು ಸಲ ಹತ್ತಿದೆ. ‘ತಾಪವನ್ನು ಎಲ್ಲವನ್ನು’ ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಾತ್ರೆ ತುಂಬಲು ವ್ಯಾಕರಣವನ್ನು ಹಿಗ್ಗಿಸಿದ್ದೆ.

ಆದರೆ ಮೂಲದ ತಪ್ಪು ಅದಕ್ಕಿಂತ ಹಿಂದಿನದು. ತಾಪ, ಪಾಪ, ಕೋಪ, ಶಾಪ, ಧೂಪ, ರೂಪ: ದೀರ್ಘದ ಮುಂದಿನ ಪಕಾರಕ್ಕೆ ಕೈಚಾಚಿದರೆ ಸಿಗುವುದು ಹೆಚ್ಚಾಗಿ ಸಂಸ್ಕೃತದ ಭಾವನಾಮಗಳು. ಅಕ್ಷರವನ್ನು ಮೊದಲು ಹಿಡಿದ ನಾನು ಅದು ಕೊಟ್ಟ ಪದಗಳ ಹಿಂದೆ ಹೋಗಿದ್ದೆ. ಆಗಬೇಕಾದದ್ದು ಇದಕ್ಕೆ ತಿರುವುಮುರುವು. ಚರಣದಲ್ಲಿ ಬಿಟ್ಟುಕೊಡಲಾಗದ ಪದ ಯಾವುದು ಎಂದು ಮೊದಲು ನೋಡಬೇಕು, ಆ ಪದದ ಎರಡನೆಯ ಅಕ್ಷರವೇ ಆ ಚರಣದ ಪ್ರಾಸಾಕ್ಷರ. ಕೀರ್ತನೆಯಲ್ಲಿ ಚರಣ ಪಲ್ಲವಿಯ ಅಕ್ಷರಕ್ಕೆ ಕಟ್ಟುಬಿದ್ದಿರಬೇಕಿಲ್ಲ.

ದಾಸರಿಗೆ ಕೊನೆಯ ಚರಣದಲ್ಲಿ ಈ ಆಯ್ಕೆಯನ್ನು ಅಂಕಿತವೇ ಮಾಡಿಕೊಡುತ್ತಿತ್ತು. ಸಾಲಿನ ಮೊದಲಿಗೇ ‘ಪುರಂದರ’ ಎಂದು ಬಂದರೆ ಹ್ರಸ್ವದ ಮುಂದೆ ರಕಾರ ಬೇಕು. ಹರಿ, ಸಿರಿ, ಕರುಣೆ, ಶರಣು, ಧರೆ, ಮರೆ ಎಂದು ಭಕ್ತಿಯ ಪದಗಳೆಲ್ಲ ಅಲ್ಲೇ ಸಾಲಾಗಿ ನಿಂತಿವೆ. ‘ಕಾಗಿನೆಲೆ’ ಎಂದರೆ ದೀರ್ಘದ ಮುಂದೆ ಗಕಾರ: ನಾಗ, ರಾಗ, ಯೋಗ, ಬಾಗಿಲು, ಸಾಗು. ‘ವಿಜಯವಿಠಲ’ ಎಂದರೆ ಹ್ರಸ್ವದ ಮುಂದೆ ಜಕಾರ. ಭಜಿಸು, ಗಜ, ನಿಜ, ಸುಜನ ಎನ್ನುವಷ್ಟರಲ್ಲಿ ಬುಟ್ಟಿ ಬರಿದಾಗುತ್ತ ಬರುತ್ತದೆ. ವಿಜಯದಾಸರ ಅಂಕಿತ ಸಾಲಿನ ಮೊದಲಿಗೆ ಬಂದ ಕಡೆ, ಉಳಿದ ಸಾಲುಗಳನ್ನು ಅವರು ಹೇಗೆ ಶುರುಮಾಡಿದ್ದಾರೆ ಎಂದು ನಾನು ಈಗಲೂ ಕುತೂಹಲದಿಂದ ನೋಡುತ್ತೇನೆ.

ನನ್ನ ಚರಣಕ್ಕೆ ಪದ ಸಿಕ್ಕಿದ್ದು ಹಿರಿಯಾಕೆಯ ಮನೆ ಬಾಗಿಲಲ್ಲಿ. ಸಂಜೆ ಹಣತೆ ಇಟ್ಟು ಏಳುವ ಮೊದಲು ಆಕೆ ಒಂದು ಕೈಯನ್ನು ಗಾಳಿ ಬರುವ ಕಡೆಗೆ ಅಡ್ಡ ಹಿಡಿದು ಕುಡಿ ನಿಲ್ಲುವ ತನಕ ಕೂತಿದ್ದರು. ಬಿಟ್ಟುಕೊಡಲಾಗದ ಪದ ‘ಗಾಳಿ’. ದೀರ್ಘದ ಮುಂದೆ ಳಕಾರ. ಕಾಗದದ ಮೇಲೆ ಪಟ್ಟಿ ಮಾಡಿದೆ: ವೇಳೆ, ನಾಳೆ, ಏಳು, ಕೇಳು, ತಾಳು, ಬಾಳು, ಹಾಳು, ಗೋಳು, ತೋಳು, ಧೂಳು, ಕಾಳು, ಮೇಳ. ದಿನಬಳಕೆಯ ಮಾತುಗಳೇ ಹೆಚ್ಚು, ನಾಲಿಗೆಗೆ ಪರಿಚಯ. ಬಾಲ, ಮಾಲೆಗಳನ್ನು ಸೇರಿಸಲಿಲ್ಲ. ಲಕಾರ ಳಕಾರಗಳನ್ನು ಕೂಡಿಸಿ ಪ್ರಾಸ ಎನ್ನಲು ನನ್ನ ಕಿವಿ ಒಪ್ಪುವುದಿಲ್ಲ. ಆಮೇಲೆ ಹಣತೆಯ ಮುಂದೆ ಕೂತವಳ ಹತ್ತಿರ ಇರಲಾರದ್ದನ್ನೆಲ್ಲ ಹೊಡೆದುಹಾಕಿದೆ. ಧೂಳು, ಕಾಳು, ಮೇಳ ಹೋದವು. ‘ಗೋಳು’ ಬಹಳ ಕಾಡಿತು, ದೇವರ ಮುಂದೆ ಗೋಳು ಹೇಳಿಕೊಳ್ಳುವುದು ಸುಲಭದ ಸಾಲು. ಆದರೆ ಆಕೆ ಗೋಳಾಡುತ್ತಿರಲಿಲ್ಲ, ಕಾಯುತ್ತಿದ್ದರು. ಅದನ್ನೂ ಹೊಡೆದೆ. ಉಳಿದವುಗಳಿಂದ ಬಂದದ್ದು ಇದು:

ಗಾಳಿಗೆ ಅಂಗೈ ಮರೆ ಹಿಡಿದೆ
ನಾಳೆಗೆ ಎಣ್ಣೆಯ ತೆಗೆದಿಡದೆ
ವೇಳೆಯು ಜಾರಿತು, ಬರಲಿಲ್ಲ
ಏಳುವ ಮನಸೇ ನನಗಿಲ್ಲ

ಇಲ್ಲಿ ಕನ್ನಡದ ವಾಕ್ಯವೇ ನನಗೆ ಒತ್ತಾಸೆಯಾಯಿತು. ನಮ್ಮ ಮಾತಿನಲ್ಲಿ ಯಾವುದರ ಸಂಗತಿ ಹೇಳುತ್ತಿದ್ದೇವೋ ಅದು ಮೊದಲಿಗೆ, ಏನಾಯಿತು ಎಂಬ ಕ್ರಿಯಾಪದ ಕೊನೆಗೆ ಬರುವುದು ಸಹಜ ಕ್ರಮ. ಹೀಗಾಗಿ ಆದಿಪ್ರಾಸಕ್ಕೆ ನಾಮಪದ, ಅಂತ್ಯಪ್ರಾಸಕ್ಕೆ ಕ್ರಿಯೆ ಎಂದು ಹಂಚಿಕೊಟ್ಟರೆ ವಾಕ್ಯವನ್ನು ತಿರುಚಬೇಕಾಗಿಲ್ಲ. ಗಾಳಿ, ನಾಳೆ, ವೇಳೆ ಎಂಬ ಮೂರೂ ಸಾಲಿನ ಮೊದಲಿಗೆ ತಾವಾಗಿಯೇ ಬಂದವು. ನಾಲ್ಕನೆಯದು ಕ್ರಿಯೆಯಾದರೂ ‘ಏಳುವ ಮನಸು’ ಎಂಬ ಜೋಡಿಯಲ್ಲಿ ಮೊದಲಿಗೇ ಬರಬೇಕಾದದ್ದು. ಎರಡು ಪ್ರಾಸದ ಹಾಡಿನಲ್ಲಿ ವಾಕ್ಯ ಹಿಂದುಮುಂದಾಗಿದ್ದರೆ, ಸಾಮಾನ್ಯವಾಗಿ ಈ ಹಂಚಿಕೆಯೇ ತಪ್ಪಿರುತ್ತದೆ.

ಅಂತ್ಯಪ್ರಾಸದಲ್ಲಿ ಮೊದಲ ಜೋಡಿ ನನಗೆ ಹೆಚ್ಚು ಇಷ್ಟ. ‘ಹಿಡಿದೆ’ ಭೂತಕಾಲ, ‘ತೆಗೆದಿಡದೆ’ ನಿಷೇಧ. ಧ್ವನಿ ಕೂಡುತ್ತದೆ, ವ್ಯಾಕರಣ ಬೇರೆಯಾಗುತ್ತದೆ, ಅದರಿಂದ ಕಿವಿಗೆ ಸಣ್ಣದೊಂದು ಅಚ್ಚರಿ. ನೋಡಿದೆ, ಹಾಡಿದೆ, ಬೇಡಿದೆ ಎಂದು ಒಂದೇ ಪ್ರತ್ಯಯವನ್ನು ಸಾಲುಸಾಲಿಗೂ ಹಚ್ಚುತ್ತ ಹೋದರೆ ಆ ಅಚ್ಚರಿ ಇರುವುದಿಲ್ಲ. ಎರಡನೆಯ ಜೋಡಿ ಅಷ್ಟು ಗಟ್ಟಿಯಲ್ಲ. ಎರಡೂ ಕಡೆ ಇರುವುದು ‘ಇಲ್ಲ’ವೇ. ಒಂದು ಬಾರದ್ದನ್ನು ಹೇಳುತ್ತದೆ, ಇನ್ನೊಂದು ಇಲ್ಲದ್ದನ್ನು. ಆ ಸಣ್ಣ ವ್ಯತ್ಯಾಸವನ್ನು ನಂಬಿ ಬಿಟ್ಟಿದ್ದೇನೆ. ಹಳೆಯ ಲಾಕ್ಷಣಿಕರು ‘ಗಾಳಿಗೆ ಅಂಗೈ’ ಎಂಬುದನ್ನು ವಿಸಂಧಿ ದೋಷ ಎನ್ನುತ್ತಿದ್ದರು. ಅದೂ ನನಗೆ ಗೊತ್ತು. ಸಂಧಿ ಮಾಡಿ ‘ಗಾಳಿಗಂಗೈ’ ಎಂದರೆ ಒಂದು ಮಾತ್ರೆ ಕಳೆದುಹೋಗುತ್ತದೆ, ಗಾಳಿಯೂ ಅಂಗೈಯೂ ಗುರುತು ಸಿಗದ ಹಾಗೆ ಅಂಟಿಕೊಳ್ಳುತ್ತವೆ. ಹಾಡುಗಾರರು ಅಲ್ಲಿ ಎರಡು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಯಲಿ ಎಂದು ಹಾಗೇ ಇಟ್ಟೆ.

ಷಟ್ಪದಿಗೆ ಆರೂ ಸಾಲಿನಲ್ಲಿ ಆದಿಪ್ರಾಸ ಕಡ್ಡಾಯ, ಅಂತ್ಯಪ್ರಾಸದ ಹಂಗಿಲ್ಲ. ರಗಳೆ ಎರಡೆರಡು ಸಾಲನ್ನು ಕೊನೆಯಲ್ಲಿ ಹೆಣೆಯುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತ ಚಿಕ್ಕ ಸಾಲಿನ ಹಾಡಿನಲ್ಲಿ ಒಂದೇ ಆದಿಪ್ರಾಸವನ್ನು ನಾಲ್ಕು ಸಾಲಿಗಿಂತ ಮುಂದೆ ಎಳೆಯಬಾರದು ಎಂಬುದು ನನ್ನ ಅನುಭವ. ಐದನೆಯ ಸಾಲಿಗೆ ಬರುವಾಗ ಕೇಳುವವರು ಅರ್ಥವನ್ನು ಬಿಟ್ಟು ಮುಂದಿನ ಳಕಾರಕ್ಕೆ ಕಾಯತೊಡಗುತ್ತಾರೆ. ಅದಕ್ಕೇ ಎರಡನೆಯ ಚರಣವನ್ನು ಬೇರೆ ಅಕ್ಷರಕ್ಕೆ ಕೊಟ್ಟಿದ್ದೇನೆ, ಅದಿನ್ನೂ ಮುಗಿದಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಮಂಜೇಶ್ವರ ಗೋವಿಂದ ಪೈ ಆದಿಪ್ರಾಸವನ್ನೇ ಬಿಟ್ಟುಕೊಟ್ಟರು. ಓದುವ ಕವಿತೆಯ ಮಟ್ಟಿಗೆ ಆ ಬಿಡುಗಡೆ ದೊಡ್ಡದು. ತಾಳಕ್ಕೆ ಕೂರುವ, ಪುಸ್ತಕವಿಲ್ಲದೆ ಹಾಡುವ ದೇವರನಾಮಕ್ಕೆ ಮಾತ್ರ ಆದಿಪ್ರಾಸ ಈಗಲೂ ಬೇಕು ಎನ್ನಿಸುತ್ತದೆ ನನಗೆ.

ಮೊನ್ನೆ ಮಂಡಳಿಯಲ್ಲಿ ಈ ಚರಣವನ್ನು ಮೊದಲ ಸಲ ಹಾಡಿದರು. ಯಾರ ಕೈಯಲ್ಲೂ ಹಾಳೆಯಿರಲಿಲ್ಲ, ಎರಡು ಸಲ ಹೇಳಿಕೊಟ್ಟಿದ್ದಷ್ಟೆ. ನಾಲ್ಕನೆಯ ಸಾಲಿಗೆ ಬಂದಾಗ ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ‘ಹೋಗುವ ಮನಸೇ’ ಎಂದುಬಿಟ್ಟಳು. ಅರ್ಥ ಕೆಟ್ಟಿರಲಿಲ್ಲ, ಮಾತ್ರೆಯೂ ಸರಿಯಿತ್ತು. ಆದರೂ ಕಿರುಬೆರಳಿನ ಮೇಲೆ ‘ಗು’ ಬಿದ್ದ ಕೂಡಲೇ ತಾನೇ ತಡೆದಳು, ಪಕ್ಕದವರ ಮುಖ ನೋಡಿದಳು. ಹಿರಿಯಾಕೆ ತಾಳ ನಿಲ್ಲಿಸಲಿಲ್ಲ. ಮುಂದಿನ ಸುತ್ತಿಗೆ ಅವಳ ‘ಏಳುವ’ ಎಲ್ಲರಿಗಿಂತ ಜೋರಾಗಿ ಕೇಳಿತು.