ಆರು ಟ್ರಿಪ್ಪಿನಲ್ಲಿ ಐದು ತುಂಬಬೇಕು

ದಾವಣಗೆರೆಯಿಂದ ನಾಮಕ್ಕಲ್ಲಿನ ಕೋಳಿ ಆಹಾರದ ಮಿಲ್ಲುಗಳಿಗೆ ಮೆಕ್ಕೆಜೋಳ ಹೊಡೆಯೋಣವೆಂದು ಲಾರಿ ಕೊಳ್ಳಲು ಹೊರಟವರ ಮನಸ್ಸು ನೇರವಾಗಿ ಹತ್ತು ಚಕ್ರದ ಮೇಲೆ ಹೋಗುತ್ತದೆ. ಮೇಲ್ನೋಟಕ್ಕೆ ಲೆಕ್ಕವೂ ಹಾಗೇ ಹೇಳುತ್ತದೆ. 2018ರ ಪರಿಷ್ಕರಣೆಯ ನಂತರ ಆರು ಚಕ್ರದ ಲಾರಿ ಸರಕು ಸೇರಿ 18.5 ಟನ್ ತೂಗಬಹುದು, ಹತ್ತು ಚಕ್ರದ್ದು 28 ಟನ್. ಬಾಡಿ ಕಟ್ಟಿಸಿದ ಖಾಲಿ ಲಾರಿಯ ತೂಕ ಕಳೆದರೆ ಒಂದಕ್ಕೆ ಸುಮಾರು ಹನ್ನೊಂದೂವರೆ ಟನ್, ಇನ್ನೊಂದಕ್ಕೆ ಹದಿನೆಂಟೂವರೆ ಟನ್ ಸರಕು ಉಳಿಯುತ್ತದೆ. ಡ್ರೈವರ್ ಎರಡಕ್ಕೂ ಒಬ್ಬನೇ. ಹೆದ್ದಾರಿಯ ಟೋಲಿನಲ್ಲೂ ಎರಡು ಆಕ್ಸಲ್ಲಿಗೂ ಮೂರು ಆಕ್ಸಲ್ಲಿಗೂ ಇರುವ ಅಂತರ ನೂರಕ್ಕೆ ಒಂಬತ್ತರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಸರಕನ್ನು ಹೆಚ್ಚುವರಿ ಹೊರುವ ಲಾರಿಗೆ ಅದು ಏನೇನೂ ಅಲ್ಲ.

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಹೋಗುವ ದಾರಿ ಸುಮಾರು ಐನೂರು ಕಿಲೋಮೀಟರ್. ಟನ್ನಿಗೆ 1,500 ರೂಪಾಯಿ ಬಾಡಿಗೆ, ಡೀಸೆಲ್ ಲೀಟರಿಗೆ 90 ಎಂದು ಹಿಡಿಯಿರಿ. ನಿಮ್ಮ ಪೇಟೆಯ ದರ ಬೇರೆಯಾದರೆ ತಿದ್ದಿಕೊಳ್ಳಿ. ತುಂಬಿದ ಆರು ಚಕ್ರ ಲೀಟರಿಗೆ ಐದು ಕಿಲೋಮೀಟರ್ ಓಡಿದರೆ ಹತ್ತು ಚಕ್ರ ನಾಲ್ಕು. ಏಳು ಟನ್ ಹೆಚ್ಚು ಸರಕಿನಿಂದ ಬಾಡಿಗೆ 10,500 ಹೆಚ್ಚು ಬರುತ್ತದೆ, ಹೋಗಿ ಖಾಲಿ ಬರುವಷ್ಟರಲ್ಲಿ ಡೀಸೆಲ್ ಸುಮಾರು 3,900 ಹೆಚ್ಚು ಕುಡಿಯುತ್ತದೆ. ಪೂರ್ತಿ ತುಂಬಿದ ಒಂದು ಟ್ರಿಪ್ಪಿಗೆ ಹತ್ತು ಚಕ್ರದ ಲಾಭ 6,600.

ಆದರೆ ಪೂರ್ತಿ ತುಂಬದಿದ್ದರೆ? ಮಂಡಿಯಲ್ಲಿ ಆವಕ ಕಡಿಮೆಯಾದ ದಿನ ವ್ಯಾಪಾರಿ ಕೊಡುವುದು ಹನ್ನೊಂದು ಹನ್ನೆರಡು ಟನ್ನೇ. ಆಗ ಬಾಡಿಗೆ ಎರಡು ಲಾರಿಗೂ ಒಂದೇ. ಹತ್ತು ಚಕ್ರದವನ ಕೈಯಿಂದ ಡೀಸೆಲ್ಲಿಗೆಂದು ಮೂರು ಸಾವಿರ ಹೆಚ್ಚು ಹೋಗುತ್ತದೆ. ಇನ್ನು ಸರಕು ಇರಲಿ ಬಿಡಲಿ ತಪ್ಪದ ಖರ್ಚುಗಳಿವೆ. ಕೊಳ್ಳುವ ಬೆಲೆಯಲ್ಲಿ ಎಂಟು ಲಕ್ಷ ವ್ಯತ್ಯಾಸವಿದ್ದರೆ ಐದು ವರ್ಷದ ಸಾಲದ ಕಂತು ತಿಂಗಳಿಗೆ ಹದಿನೇಳು ಸಾವಿರದಷ್ಟು ಹೆಚ್ಚುತ್ತದೆ. ನಾಲ್ಕು ಹೆಚ್ಚುವರಿ ಟೈರುಗಳ ಸವಕಳಿಗೆ ಒಂಬತ್ತು ಸಾವಿರ, ವಿಮೆಗೆ ಸ್ವಲ್ಪ ಸೇರಿಸಿದರೆ ಇಪ್ಪತ್ತೇಳು ಸಾವಿರ. ತಿಂಗಳಿಗೆ ಆರು ಟ್ರಿಪ್ ಎಂದರೆ, ನಾಲ್ಕು ತುಂಬಿ ಎರಡು ಅರೆಬರೆಯಾದರೆ ಉಳಿಯುವುದು 20,400. ಕಂತಿಗೂ ಟೈರಿಗೂ ಸಾಲದು. ಐದು ತುಂಬಿದರೆ ಮಾತ್ರ ಮೂವತ್ತು ಸಾವಿರ ಮುಟ್ಟುತ್ತದೆ. ಆರರಲ್ಲಿ ಐದು ತುಂಬಿಸಿಕೊಡುವ ಗಿರಾಕಿ ಕೈಯಲ್ಲಿ ಇಲ್ಲದೆ ಹತ್ತು ಚಕ್ರ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜೂಜು. ವಾಪಸು ಬರುವಾಗಲೂ ಲೋಡು ಖಾತ್ರಿಯಿದ್ದರೆ ಮಾತು ಬೇರೆ.

ಮಂಡಕ್ಕಿಯಂಥ ಹಗುರ ಸರಕಿಗಂತೂ ಈ ಲೆಕ್ಕವೇ ಬೇಡ. ಟನ್ನು ಮುಟ್ಟುವ ಮೊದಲೇ ಬಾಡಿ ತುಂಬುತ್ತದೆ. ಎರಡರ ಬಾಡಿಗೂ ಉದ್ದದಲ್ಲಿ ಕೆಲವೇ ಅಡಿ ವ್ಯತ್ಯಾಸ.

ಇನ್ನು ದಾರಿ. ನಾಮಕ್ಕಲ್ ದಾರಿಯಲ್ಲಿ ತೊಪ್ಪೂರು ಘಾಟಿಯ ಇಳಿಜಾರು ಬಿಟ್ಟರೆ ಹತ್ತು ಚಕ್ರಕ್ಕೆ ತೊಂದರೆಯಿಲ್ಲ. ಅಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮು ಕಾದು ಬ್ರೇಕು ಹಿಡಿಯದಾಗುತ್ತದೆ. ಕೆಳಗಿನ ಗೇರಿನಲ್ಲೇ ಇಳಿಸಬೇಕು. ಕಷ್ಟವಿರುವುದು ಹಳ್ಳಿಯ ತುದಿಯಲ್ಲಿ. ಸಾಮಾನ್ಯ ಹತ್ತು ಚಕ್ರದ ಲಾರಿಯಲ್ಲಿ ಹಿಂದಿನ ಎರಡು ಆಕ್ಸಲ್ಲುಗಳಲ್ಲಿ ಒಂದಕ್ಕಷ್ಟೇ ಎಂಜಿನ್ನಿನ ಬಲ ಸಿಗುತ್ತದೆ, ಇನ್ನೊಂದು ಡಮ್ಮಿ. ಕೆಸರಿನ ಕಣದಲ್ಲಿ ಭಾರವೆಲ್ಲ ಡಮ್ಮಿಯ ಮೇಲೆ ಕೂತರೆ ಬಲವಿರುವ ಚಕ್ರ ಸುಮ್ಮನೆ ತಿರುಗುತ್ತದೆ. ಇಕ್ಕಟ್ಟಿನ ತಿರುವುಗಳಲ್ಲಿ ಜೋಡಿ ಆಕ್ಸಲ್ಲಿನ ಟೈರುಗಳು ಅಡ್ಡಕ್ಕೆ ಉಜ್ಜಿ ಬೇಗ ಸವೆಯುವುದೂ ಇದೆ. ಕಣದಿಂದಲೇ ಲೋಡು ಎತ್ತುವವನಿಗೆ ಆರು ಚಕ್ರವೇ ಸರಿ. ಮಲೆನಾಡಿನ ಕಡೆ ಹೊಡೆಯುವವರು ಭಾರಿ ವಾಹನಗಳನ್ನು ತಡೆಯುವ ಮಳೆಗಾಲದ ಆದೇಶಗಳನ್ನೂ ನೋಡಬೇಕು. ಕೊಡಗಿನಲ್ಲಿ ಹಿಂದೆ ಹೀಗೆ ನಿರ್ಬಂಧಿಸಿದಾಗ 18,500 ಕಿಲೋಗೆ ಗೆರೆ ಎಳೆದಿದ್ದರು. ಆರು ಚಕ್ರದ ಮಿತಿಯೂ ಅದೇ.

ಆರು ಚಕ್ರ ಕೊಂಡವರಿಗೆ ಬರುವ ಆಸೆಯೆಂದರೆ ಅದರಲ್ಲೇ ಹದಿನೈದು ಟನ್ ತುಂಬುವುದು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಹೆಚ್ಚಿನ ಸರಕನ್ನು ಅಲ್ಲೇ ಇಳಿಸಲೂ ಬೇಕು. ಐದಾರು ಟ್ರಿಪ್ಪಿನ ಕಳ್ಳಲಾಭ ಒಂದೇ ತಪಾಸಣೆಯಲ್ಲಿ ಹೋಯಿತು.

ಪರ್ಮಿಟ್ಟು ಹೊಸ ಲಾರಿಯಲ್ಲಿ ದೊಡ್ಡ ಪ್ರಶ್ನೆಯಲ್ಲ. ರಾಜ್ಯದೊಳಗೇ ಓಡಿದರೆ ರಾಜ್ಯದ ಪರ್ಮಿಟ್ಟು ಸಾಕು, ಹೊಸೂರು ದಾಟಬೇಕೆಂದರೆ ನ್ಯಾಷನಲ್ ಪರ್ಮಿಟ್ಟು. ಹಳೆಯ ಲಾರಿಯಲ್ಲಿ ಮಾತ್ರ ಅದೇ ಮುಖ್ಯ. ನ್ಯಾಷನಲ್ ಪರ್ಮಿಟ್ಟು ಆರು ಚಕ್ರಕ್ಕೆ ಹನ್ನೆರಡು ವರ್ಷದವರೆಗೆ, ಮಲ್ಟಿ ಆಕ್ಸಲ್ಲಿಗೆ ಹದಿನೈದು ವರ್ಷದವರೆಗೆ. ಒಂಬತ್ತು ವರ್ಷದ ಆರು ಚಕ್ರವನ್ನು ಅಗ್ಗವೆಂದು ಕೊಂಡರೆ ನಾಮಕ್ಕಲ್ ದಾರಿ ಮೂರೇ ವರ್ಷ ತೆರೆದಿರುತ್ತದೆ. ಜೊತೆಗೆ ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟೆಂದು ಓದಿಕೊಳ್ಳಿ: 2018ಕ್ಕೆ ಮೊದಲಿನ ಲಾರಿಯಾದರೆ ಅಲ್ಲಿ 16,200 ಎಂದಿರಬಹುದು. ದಲ್ಲಾಳಿ ಹೇಳುವ 18.5 ಟನ್ ಆ ಲಾರಿಗೆ ತಾನಾಗಿ ಅನ್ವಯಿಸುವುದಿಲ್ಲ.