ಶುಕ್ರವಾರ ರಾತ್ರಿ ಹನ್ನೆರಡು ಎಂದರೆ ಯಾವಾಗ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್ ಪಕ್ಕ ಕನ್ನಡದ ನೋಟಿಸ್ ಕಂಡರೆ ನಿಂತು ಓದುವ ಅಭ್ಯಾಸ ನನ್ನದು. ಮೊದಲು ನೋಡುವುದು ಕಾಗುಣಿತವನ್ನಲ್ಲ, ದಿನ ಮತ್ತು ಗಂಟೆಯನ್ನು. ಅನುವಾದ ಹೆಚ್ಚಾಗಿ ಕೆಡುವುದು ಅಲ್ಲೇ.

ಸಾಮಾನ್ಯವಾಗಿ ಬರುವಂಥ ಒಂದು ಇಂಗ್ಲಿಷ್ ನೋಟಿಸನ್ನು ತೆಗೆದುಕೊಳ್ಳೋಣ. ಸಂಪ್ ತೊಳೆಯುವುದಿದೆ, ಶುಕ್ರವಾರ 12 ಎ.ಎಂ.ನಿಂದ ಮಧ್ಯಾಹ್ನ 2ರವರೆಗೆ ನೀರಿಲ್ಲ, ಸಾಕಷ್ಟು ನೀರು ಹಿಡಿದಿಟ್ಟುಕೊಳ್ಳಿ. ಅದೇ ಹಾಳೆಯಲ್ಲಿ ಮುಂದಿನ ಸಾಲು: ಏಪ್ರಿಲ್‌ನಿಂದ ಜೂನ್‌ವರೆಗಿನ ಮೇಂಟೆನೆನ್ಸ್ 10ನೇ ತಾರೀಖಿನೊಳಗೆ ಕಟ್ಟಬೇಕು, ತಪ್ಪಿದರೆ ವರ್ಷಕ್ಕೆ ಶೇ. 18 ಬಡ್ಡಿ.

ಇದನ್ನು ಕನ್ನಡಕ್ಕೆ ತರುವವರು ‘ಶುಕ್ರವಾರ ರಾತ್ರಿ 12ರಿಂದ’ ಎಂದು ಬರೆದುಬಿಡುತ್ತಾರೆ. ಗಡಿಯಾರದ ಲೆಕ್ಕದಲ್ಲಿ ಶುಕ್ರವಾರ ಶುರುವಾಗುವುದೇ ಆ ಕ್ಷಣಕ್ಕೆ. ನಮ್ಮ ಮಾತಿನಲ್ಲಿ ಹಾಗಲ್ಲ. ಮಲಗಿ ಎದ್ದ ಮೇಲೆಯೇ ಮರುದಿನ; ಶುಕ್ರವಾರ ರಾತ್ರಿ ಎಂದರೆ ಶುಕ್ರವಾರದ ಊಟ ಮುಗಿದ ಮೇಲಿನ ರಾತ್ರಿ. ಹಾಗೆ ಓದಿದವರು ಶುಕ್ರವಾರ ಸಂಜೆ ಬಕೆಟ್ ತುಂಬಿಸಿಕೊಳ್ಳೋಣ ಎಂದುಕೊಂಡಿರುತ್ತಾರೆ, ನೀರು ಮಾತ್ರ ಹಿಂದಿನ ರಾತ್ರಿಯೇ ನಿಂತಿರುತ್ತದೆ. ‘ಗುರುವಾರ ರಾತ್ರಿ 12 ಗಂಟೆಯಿಂದ ಶುಕ್ರವಾರ ಮಧ್ಯಾಹ್ನ 2ರ ತನಕ’ ಎಂದು ಎರಡೂ ದಿನಗಳ ಹೆಸರು ಬರೆಯಬೇಕು. ಮೂಲದಲ್ಲಿ ಗುರುವಾರದ ಹೆಸರಿಲ್ಲ ಎಂದು ಹಿಂಜರಿಯಬೇಕಿಲ್ಲ.

ಇನ್ನೊಂದು ಪ್ರಶ್ನೆ, ಯಾವ ನೀರು? ಎಷ್ಟೋ ಕಟ್ಟಡಗಳಲ್ಲಿ ಅಡುಗೆಮನೆಯ ನಲ್ಲಿಗೆ ಕಾವೇರಿ, ಬಚ್ಚಲಿಗೆ ಬೋರ್‌ವೆಲ್, ಫ್ಲಷ್‌ಗೆ ಶುದ್ಧೀಕರಿಸಿದ ಕೊಳಚೆ ನೀರು, ಮೂರಕ್ಕೂ ಬೇರೆ ಬೇರೆ ಪೈಪು. ಕಾವೇರಿಯ ಸಂಪ್ ತೊಳೆದರೆ ಉಳಿದ ಎರಡು ನಿಲ್ಲಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ ಬರೀ ‘ವಾಟರ್ ಸಪ್ಲೈ’ ಎಂದಿದ್ದರೆ ಅನುವಾದಕರು ಊಹಿಸಬಾರದು. ಕಾರ್ಯದರ್ಶಿಯನ್ನೋ ಪ್ಲಂಬರನ್ನೋ ಕೇಳಿಯೇ ಬರೆಯಬೇಕು. ಹಾಗೆ ಕೇಳುವಾಗ ಮೂಲದಲ್ಲಿಲ್ಲದ, ಮನೆಯವರಿಗೆ ಬೇಕಾದ ಸಂಗತಿಗಳೂ ಸಿಗುತ್ತವೆ. ಮೇಲಿನ ಟ್ಯಾಂಕಿನಲ್ಲಿ ಉಳಿದದ್ದು ಖಾಲಿಯಾಗುವವರೆಗೆ ನಲ್ಲಿಯಲ್ಲಿ ನೀರು ಬರುತ್ತಲೇ ಇರಬಹುದು. ಮತ್ತೆ ಬಿಟ್ಟಾಗ ಮೊದಲು ಕೆಸರು ಬಣ್ಣದ ನೀರು ಬರಬಹುದು. ನೀರು ಬರುತ್ತದೆಯೇ ಎಂದು ನೋಡಲು ತಿರುಗಿಸಿದ ನಲ್ಲಿಯನ್ನು ಹಾಗೇ ಬಿಟ್ಟು ಕೆಲಸಕ್ಕೆ ಹೋದರೆ ಸಂಜೆಗೆ ಮನೆಯೆಲ್ಲ ನೀರು. ಇವನ್ನು ಸಮಿತಿಯ ಒಪ್ಪಿಗೆ ಪಡೆದೇ ಸೇರಿಸಬೇಕು. ಏಕೆಂದರೆ ಕೆಳಗೆ ಸಹಿ ಇರುವುದು ಅವರದು.

ಹಣದ ಸಾಲಿನಲ್ಲಿ ‘ಡ್ಯೂಸ್’ ಕಂಡ ತಕ್ಷಣ ‘ಬಾಕಿ’ ಎಂದು ಬರೆಯುವುದು ರೂಢಿ. ಬಾಕಿ ಎಂದರೆ ಕಟ್ಟದೆ ಉಳಿಸಿಕೊಂಡದ್ದು. ಪ್ರತಿ ಸಲವೂ ತಪ್ಪದೆ ಕಟ್ಟಿದ ಹಿರಿಯರು ಅದನ್ನು ಓದಿ ರಸೀದಿ ಹಿಡಿದು ಆಫೀಸಿಗೆ ಬರುತ್ತಾರೆ, ನೊಂದುಕೊಂಡು. ಇಲ್ಲಿ ಹೇಳುತ್ತಿರುವುದು ಈಗ ಕಟ್ಟಬೇಕಾದ ಮೂರು ತಿಂಗಳ ಮೇಂಟೆನೆನ್ಸ್ ಬಗ್ಗೆ. ಹಾಗೆಂದೇ ಬರೆದರೆ ಸಾಕು. ‘10ರೊಳಗೆ’ ಎಂಬುದೂ ಅನುಮಾನಕ್ಕೆ ಎಡೆಕೊಡುತ್ತದೆ. ಹತ್ತನೇ ತಾರೀಖು ಸೇರಿದೆಯೇ ಇಲ್ಲವೇ? ಸೇರಿದ್ದರೆ ‘10ನೇ ತಾರೀಖು ಕೊನೆಯ ದಿನ’ ಎಂದುಬಿಡಿ.

ಬಡ್ಡಿಯನ್ನು ನಮ್ಮ ಜನ ನೂರಕ್ಕೆ ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ‘ವಾರ್ಷಿಕ ಶೇ. 18ರ ಸರಳ ಬಡ್ಡಿ ವಿಧಿಸಲಾಗುವುದು’ ಎಂಬ ಸಾಲಿನಲ್ಲಿ 18 ಮಾತ್ರ ಕಣ್ಣಿಗೆ ಬಿದ್ದು ಗಾಬರಿಯಾಗುತ್ತದೆ. ಅದನ್ನು ‘ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ’ ಎಂದು ಬಿಡಿಸಿ ಹೇಳಬೇಕು. 1,200 ಚದರಡಿಯ ಮನೆಗೆ ಚದರಡಿಗೆ 4 ರೂಪಾಯಿಯಂತೆ ತಿಂಗಳಿಗೆ 4,800, ಮೂರು ತಿಂಗಳಿಗೆ 14,400 ರೂಪಾಯಿ. ಒಂದು ತಿಂಗಳು ತಡವಾದರೆ ಬಡ್ಡಿ 216 ರೂಪಾಯಿ. ಈ ಉದಾಹರಣೆಯನ್ನು ನೋಟಿಸಿನಲ್ಲೇ ಕೊಟ್ಟರೆ ಆಫೀಸಿಗೆ ಬಂದು ಕೇಳುವವರು ಕಡಿಮೆಯಾಗುತ್ತಾರೆ. ಬಡ್ಡಿಯನ್ನು ‘ದಂಡ’ ಎಂದು ಮಾತ್ರ ಬರೆಯಬೇಡಿ. ಸಂಘದ ಬೈಲಾದಲ್ಲಿ ಅವೆರಡೂ ಬೇರೆಯಿರಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು, ಎರಡೂ ವಿಷಯ ಒಂದೇ ಹಾಳೆಯಲ್ಲಿರುವುದು. ನೀರು ನಿಲ್ಲಿಸುತ್ತೇವೆ, ದುಡ್ಡು ಕಟ್ಟಿ, ತಪ್ಪಿದರೆ ಬಡ್ಡಿ ಎಂದು ಒಟ್ಟಿಗೆ ಓದಿದವರಿಗೆ ದುಡ್ಡು ಕಟ್ಟದವರ ಮನೆಯ ನೀರು ನಿಲ್ಲಿಸುತ್ತಾರೆ ಎಂದೇ ಅನ್ನಿಸುತ್ತದೆ. ಸಮಿತಿ ಹಾಗೆ ಹೇಳಿರುವುದೇ ಇಲ್ಲ. ಕನ್ನಡದಲ್ಲಿ ಎರಡು ಹಾಳೆ ಮಾಡಿ. ತೊಳೆಯುವುದು ಕಾವೇರಿಯ ಸಂಪ್ ಎಂದು ಕೇಳಿ ತಿಳಿದಿದ್ದರೆ, ನೀರಿನದು ದೊಡ್ಡ ಅಕ್ಷರದಲ್ಲಿ ಹೀಗಿರಲಿ:

‘ಗುರುವಾರ ರಾತ್ರಿ 12ರಿಂದ ಶುಕ್ರವಾರ ಮಧ್ಯಾಹ್ನ 2ರ ತನಕ ಕಾವೇರಿ ನೀರು ಬರುವುದಿಲ್ಲ. ಸಂಪ್ ತೊಳೆಯುತ್ತೇವೆ. ಬಚ್ಚಲಿಗೆ ಬೋರ್ ನೀರು ಬರುತ್ತದೆ. ಕುಡಿಯಲು, ಅಡುಗೆಗೆ ಗುರುವಾರ ಸಂಜೆಯೇ ನೀರು ಹಿಡಿದಿಟ್ಟುಕೊಳ್ಳಿ.’

ಅಂಟಿಸುವ ಮೊದಲು ಗೇಟಿನಲ್ಲಿರುವ ಸೆಕ್ಯುರಿಟಿಯವರಿಗೋ ಮನೆಗೆಲಸಕ್ಕೆ ಬರುವ ಅಕ್ಕನಿಗೋ ಅದನ್ನು ಓದಲು ಕೊಡಿ. ನೀರು ಯಾವಾಗ ನಿಲ್ಲುತ್ತದೆ ಎಂದು ಕೇಳಿ. ಉತ್ತರ ತಪ್ಪಿದರೆ ಹಾಳೆಯನ್ನು ತಿದ್ದಿ.