ಮುಪ್ಪಿಲ್ಲದ ಕಾರ್ಖಾನೆ: ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ನ ಸರಳ ಸೂತ್ರದ ಒಂದು ವಿಮರ್ಶೆ

ವಿಕಿರಣ ಕ್ಷಯದ ಪಾಠದಲ್ಲಿ ನೀವು e^(−λt) ಎಂಬ ಪದವನ್ನು ಕಂಡಿದ್ದೀರಿ. ಅದೇ ಪದ ಹಣಕಾಸಿನ ಒಂದು ಲೆಕ್ಕದಲ್ಲಿಯೂ ಬರುತ್ತದೆ. ಅಲ್ಲಿ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಪರೀಕ್ಷಿಸೋಣ.

ಕ್ರೆಡಿಟ್ ಡಿಫಾಲ್ಟ್ ಸ್ವಾಪ್ ಎಂದರೆ ಸಾಲಕ್ಕೆ ವಿಮೆಯಂತಿರುವ ಒಪ್ಪಂದ. ರಕ್ಷಣೆ ಕೊಳ್ಳುವವನು ನಿಗದಿತ ದರದಲ್ಲಿ ಕಂತು ಕಟ್ಟುತ್ತಾನೆ. ಸಾಲಗಾರ ಸಂಸ್ಥೆ ಸಾಲ ತೀರಿಸಲಾಗದೆ ಕೈಚೆಲ್ಲಿದರೆ, ವಸೂಲಾಗದೆ ಉಳಿದ ಮೊತ್ತವನ್ನು ರಕ್ಷಣೆ ಮಾರಿದವನು ಕೊಡುತ್ತಾನೆ. ಭಾರತೀಯ ರಿಸರ್ವ್ ಬ್ಯಾಂಕ್ 2011ರಲ್ಲಿ ಕಾರ್ಪೊರೇಟ್ ಬಾಂಡ್‌ಗಳ ಮೇಲೆ ಇಂಥ ಒಪ್ಪಂದಗಳಿಗೆ ನಿಯಮ ರೂಪಿಸಿತು. 2022ರಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿತು.

ಮೂಡಲಗಿಯ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಒಂದು ಸಕ್ಕರೆ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಅದು 1 ಕೋಟಿ ರೂಪಾಯಿಯ 5 ವರ್ಷದ ಬಾಂಡ್ ಹೊರಡಿಸಿದೆ ಎನ್ನೋಣ. ಅದು ವಿಫಲವಾಗುವ ದರ λ ವರ್ಷಕ್ಕೆ 0.02, ವಿಫಲವಾದಾಗ ವಸೂಲಾಗುವ ಪಾಲು R 0.40, ಬಡ್ಡಿ ದರ r 0.07 ಎಂದಿರಲಿ. t ವರ್ಷದವರೆಗೆ ಕಾರ್ಖಾನೆ ಉಳಿದಿರುವ ಸಂಭವ e^(−λt). ಆಗ ಸಿಗುವ ಒಂದು ರೂಪಾಯಿಯ ಇಂದಿನ ಬೆಲೆ e^(−rt). ಇವೆರಡರ ಗುಣಲಬ್ಧವನ್ನು 0ಯಿಂದ 5 ವರ್ಷದವರೆಗೆ ಅನುಕಲಿಸಿದರೆ

A = (1 − e^(−0.09×5)) / 0.09 = 4.026

ಕಂತು ಎಡೆಬಿಡದೆ ಸಂದಾಯವಾಗುತ್ತದೆ ಎಂದುಕೊಂಡರೆ, ಕಂತಿನ ಪಾಲಿನ ಬೆಲೆ s × A. ರಕ್ಷಣೆಯ ಪಾಲಿನ ಬೆಲೆ (1−R) × λ × A, ಅಂದರೆ 1 ಕೋಟಿಗೆ ಸುಮಾರು 4.83 ಲಕ್ಷ. ಇಬ್ಬರಿಗೂ ನಷ್ಟವಾಗದಂತೆ ಎರಡನ್ನೂ ಸಮೀಕರಿಸಿದಾಗ A ಹೊಡೆದುಹೋಗುತ್ತದೆ:

s = λ(1 − R) = 0.02 × 0.60 = 0.012

ವರ್ಷಕ್ಕೆ 1.20 ಲಕ್ಷ ರೂಪಾಯಿ. ಬಡ್ಡಿ ದರವೇ ಮಾಯವಾದುದನ್ನು ಗಮನಿಸಿ. ಕಂತನ್ನು ವರ್ಷದ ಕೊನೆಗೊಮ್ಮೆ ಮಾತ್ರ ಕಟ್ಟುವುದಾದರೆ, ಮತ್ತು ನಡುವೆ ವೈಫಲ್ಯವಾದ ವರ್ಷದ ಕಂತನ್ನು ಬಿಟ್ಟುಬಿಟ್ಟರೆ, A ಬದಲು ಐದು ಪದಗಳ ಮೊತ್ತ 3.848 ಬರುತ್ತದೆ, ಕಂತು 1.26 ಲಕ್ಷಕ್ಕೆ ಏರುತ್ತದೆ. ವ್ಯತ್ಯಾಸ ಚಿಕ್ಕದು. ಸೂತ್ರದ ನಿಜವಾದ ದೌರ್ಬಲ್ಯ ಇಲ್ಲಿಲ್ಲ.

ಮೊದಲ ದೌರ್ಬಲ್ಯ, ಒಂದು ಸಮೀಕರಣದಲ್ಲಿ ಎರಡು ಅಜ್ಞಾತಗಳಿರುವುದು. ಮಾರುಕಟ್ಟೆ ತಿಳಿಸುವುದು s ಒಂದನ್ನೇ. s 1.2 ಶೇಕಡಾ ಇದ್ದು R 0.40 ಎಂದರೆ λ 2 ಶೇಕಡಾ; R 0.10 ಎಂದರೆ 1.33; R 0.70 ಎಂದರೆ 4. ಐದು ವರ್ಷದಲ್ಲಿ ವಿಫಲವಾಗುವ ಸಂಭವ ಕ್ರಮವಾಗಿ 9.5, 6.4 ಮತ್ತು 18.1 ಶೇಕಡಾ. ಕಂತು ಒಂದೇ, ಹೇಳುವ ಭವಿಷ್ಯ ಮೂರು! 40 ಶೇಕಡಾ ಎಂಬುದು ಲೆಕ್ಕದ ರೂಢಿಯೇ ಹೊರತು ಅಳತೆಯಲ್ಲ. 2008ರಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿದಾಗ, ಆ ಅಕ್ಟೋಬರ್‌ನ ಹರಾಜಿನಲ್ಲಿ ಅದರ ಬಾಂಡ್‌ಗಳಿಗೆ ನಿಗದಿಯಾದ ಬೆಲೆ ನೂರಕ್ಕೆ 8.625 ಮಾತ್ರ. ರಕ್ಷಣೆ ಮಾರಿದವರು 60ರ ಬದಲು 91.375 ಕೊಡಬೇಕಾಯಿತು. ನಮ್ಮ λ 0.02ರೊಂದಿಗೆ ಆ ವಸೂಲಿಯನ್ನು ಬಳಸಿದರೆ ನ್ಯಾಯವಾದ ಕಂತು 1.20 ಲಕ್ಷವಲ್ಲ, 1.83 ಲಕ್ಷ.

ಎರಡನೆಯ ದೌರ್ಬಲ್ಯ λ ಸ್ಥಿರ ಎಂಬ ಕಲ್ಪನೆಯಲ್ಲಿದೆ. ಪರಮಾಣು ಬೀಜಕ್ಕೆ ಮುಪ್ಪಿಲ್ಲ. ನಿನ್ನೆ ಉಳಿದದ್ದು ಇಂದಿನ ಸಂಭವವನ್ನು ಬದಲಿಸದು. ಕಾರ್ಖಾನೆ ಹಾಗಲ್ಲ. ಅಸಲಿನ ಮರುಪಾವತಿ ನಾಲ್ಕನೆಯ ವರ್ಷದಿಂದ ಶುರುವಾಗುವುದಾದರೆ ಹಣದ ಒತ್ತಡ ಬರುವುದು ಆಗಲೇ. ಮೊದಲ ಮೂರು ವರ್ಷ λ 0.008, ಮುಂದಿನ ಎರಡು ವರ್ಷ ಸುಮಾರು 0.043 ಎಂದಿಟ್ಟು ಲೆಕ್ಕ ಹಾಕಿ ನೋಡಿ. 5 ವರ್ಷದ ಕಂತು ಆಗಲೂ 1.2 ಶೇಕಡಾವೇ ಬರುತ್ತದೆ. ಆದರೆ 3 ವರ್ಷದ ಒಪ್ಪಂದಕ್ಕೆ ನ್ಯಾಯವಾದ ಕಂತು 0.008 × 0.60, ಅಂದರೆ 0.48 ಶೇಕಡಾ. ಸ್ಥಿರ λ ನಂಬಿದವನು ಅಲ್ಲಿಯೂ 1.2 ಎನ್ನುತ್ತಾನೆ, ಎರಡೂವರೆ ಪಟ್ಟು ಹೆಚ್ಚು.

ಈ ತಪ್ಪನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಒಂದೇ ಸಂಸ್ಥೆಯ 1, 3, 5 ವರ್ಷದ ಕಂತುಗಳನ್ನು ಪಕ್ಕಪಕ್ಕದಲ್ಲಿಡಿ. λ ಸ್ಥಿರವಾಗಿದ್ದರೆ ಮೂರೂ ಒಂದೇ ಇರಬೇಕು. ಇಲ್ಲವೆಂದಾದರೆ ಅವಧಿಗೊಂದು λ ಇಟ್ಟು, ಚಿಕ್ಕ ಅವಧಿಯಿಂದ ಆರಂಭಿಸಿ ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಆದರೆ R ಏನೆಂಬ ಪ್ರಶ್ನೆಗೆ ಕಂತುಗಳ ಈ ಸಾಲು ಉತ್ತರ ಕೊಡದು.

ಹಾಗಾಗಿ s = λ(1 − R) ಸುಳ್ಳಲ್ಲ. ಅದು ಆರಂಭದ ಅಂದಾಜಿಗೆ, ಎರಡು ಸಂಸ್ಥೆಗಳನ್ನು ಬೇಗನೆ ಹೋಲಿಸುವುದಕ್ಕೆ ಸಾಕು. ತರಗತಿಯಲ್ಲಿ ಅದನ್ನು ಬರೆಸುವಾಗ, ಅದರಿಂದ ಹೊರಬಂದ λವನ್ನು ಆರಿಸಿಕೊಂಡ R ಜೊತೆಗೇ ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿ. R ಇಲ್ಲದ λ, ಮಾನ ಬರೆಯದ ಅಳತೆಯಂತೆ.